ಉಳಿದದ್ದು ಟೀಚರ್ ಹೇಳ್ತಾರ

"ಉಳಿದದ್ದು ನಮ್ಮ ಟೀಚರ್ ಹೇಳ್ತಾರ" ಅಂತ ಸರ್ವೇ ಸರ್ ನನ್ನ ಕೈಗೆ ಮೈಕು ಕೊಟ್ಟಾಗ ಲಿಂಗಸುಗೂರಿನ ಸಭಾಂಗಣದ ಗಡಿಯಾರದಲ್ಲಿ 11:29 ಆಗಿತ್ತು. ಮಾತು ಶುರುವಾದದ್ದು ಸರಿಯಾಗಿ 11ಕ್ಕೆ, ಮುಗಿಯಬೇಕಾದದ್ದು 11:40ಕ್ಕೆ. ತಲಾ 20 ನಿಮಿಷ ಅಂತ ಇಬ್ಬರಲ್ಲೂ ಮಾತಾಗಿತ್ತು. ನಾನು ಮೈಕು ಹಿಡಿದು ಮೊದಲು ಹೇಳಿದ್ದು ಇದು: "ಸರ್ ಎಲ್ಲಾ ಹೇಳಿಬಿಟ್ಟಾರ, ನಾನು ಹೇಳೋದೇನೂ ಉಳಿದಿಲ್ಲ, ಆದ್ರೂ ಎರಡು ಮಾತು..."

ಯಾರೂ ನನ್ನ ತಲೆಗೆ ಬಂದೂಕು ಇಟ್ಟಿರಲಿಲ್ಲ. ನಮ್ಮ ಕಡೆ ವೇದಿಕೆ ಹತ್ತಿದ ಎರಡನೆಯವರೆಲ್ಲ ಹೇಳುವ ಮಾತು ಅದು, ಬಾಯಿಗೆ ತಾನೇ ಬಂತು. ನಾಲ್ಕು ತಿಂಗಳು ಕೂತು ಸಿದ್ಧ ಮಾಡಿದ ಭಾಗವನ್ನು ಅವರು "ಉಳಿದದ್ದು" ಅಂದರು, ನಾನು "ಏನೂ ಉಳಿದಿಲ್ಲ" ಅಂದೆ. ಇಷ್ಟಾದ ಮೇಲೆ ಜನ ಯಾಕೆ ಕೇಳಬೇಕು? ಮರುದಿನ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಪರಿಚಯದವರೊಬ್ಬರು ಸಿಕ್ಕು, "ಸರ್ ಭಾಷಣ ಭಾರಿ ಇತ್ರೀ. ನೀವು ಫೋಟೋ ಚಲೋ ಹಾಕಿದ್ರಿ" ಅಂದರು.

ನಾವಿಬ್ಬರೂ ಯಾರು, ಏನು ಮಾತಾಡಿದೆವು ಅಂತ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಅವರು ಚಿನ್ನದ ಗಣಿಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತರಾದವರು, ಊರಿಗೆಲ್ಲ ಸರ್ವೇ ಸರ್. ವಿಷಯ ಮಸ್ಕಿಯ ಅಶೋಕನ ಶಾಸನ. 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದು ಮಸ್ಕಿಯ ಗುಡ್ಡದಲ್ಲಿ ಈ ಬರಹ ಕಂಡ. ಅದೇ ವರ್ಷ ಶಾಸನತಜ್ಞ ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಕರೆದುಕೊಂಡಿದ್ದ. ಮಸ್ಕಿಯ ಬಂಡೆಯಲ್ಲಿ "ದೇವಾನಂಪಿಯಸ ಅಸೋಕಸ" ಅಂತ ಹೆಸರೇ ಇತ್ತು. ಚಿನ್ನದ ಕತೆ ಅವರದು, ಅಕ್ಷರದ ಕತೆ ನನ್ನದು, ಒಂದೇ ಬಂಡೆಯ ಮುಂದೆ ಎರಡೂ ಕೂಡಬೇಕು. ಇಬ್ಬರು ಸೇರಿ ಮಾತಾಡೋಣ ಅಂದದ್ದು ಅದಕ್ಕೇ. ಆದರೆ ಕೂಡಬೇಕಾದ ಜಾಗದಲ್ಲೇ ಎಲ್ಲ ಹರಿದುಹೋಯಿತು.

ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ದಿನ ಸಂಜೆ ಅವರೇ ಮನೆಗೆ ಬಂದರು, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಗ್ಗರಣೆ ಮಿರ್ಚಿ. "ನಮ್ಮ ಹುಡುಗ ಫೋನಿನ್ಯಾಗ ರೆಕಾರ್ಡ್ ಮಾಡ್ಯಾನ. ಕೇಳೋಣ ಬಾ ತಂಗೀ" ಅಂದರು. ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದೆವು. ಅವರು ಅಳತೆಯ ಮನುಷ್ಯ. ಗಡಿಯಾರ ಬಿಚ್ಚಿ ಎದುರಿಗೆ ಇಟ್ಟುಕೊಂಡು, ತಮ್ಮ ಕೊನೆಯ ಕೆಲಸದ ಮಾತಿನಿಂದ ನನ್ನ ಮೊದಲ ಕೆಲಸದ ಮಾತಿಗೆ ಎಷ್ಟು ಹೊತ್ತಾಯಿತು ಅಂತ ಅಳೆದರು. 52 ಸೆಕೆಂಡು. ಅದರಲ್ಲಿ ಏನೇನಿತ್ತು? ಅವರ "ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ". ಒಂದು ಚಪ್ಪಾಳೆ. "ಉಳಿದದ್ದು". ಮೈಕು ಕೈ ಬದಲಾಗುವಾಗ ಸ್ಪೀಕರ್ ಮುಂದೆ ಹಾದು ಎದ್ದ ಕೀರಲು. ರಿಮೋಟ್ ಅವರ ಜೇಬಿನಲ್ಲೇ ಉಳಿದದ್ದು, ಅದನ್ನು ಹುಡುಕಿದ್ದು. ಒಂದು ಸ್ಲೈಡ್ ಹೆಚ್ಚು ಮುಂದೆ ಹೋಗಿ ವಾಪಸ್ ಬಂದದ್ದು. ನನ್ನ "ಎಲ್ಲಾ ಹೇಳಿಬಿಟ್ಟಾರ". ಆಮೇಲೆ ಆಯೋಜಕರಿಗೆ ಧನ್ಯವಾದ. ಆಮೇಲೆ, ಇದು ನನಗೆ ಗೊತ್ತೇ ಆಗಿರಲಿಲ್ಲ, "ಮಸ್ಕಿ ರಾಯಚೂರು ಜಿಲ್ಲೆಯಲ್ಲಿದೆ" ಅಂತ ಮತ್ತೆ ಮೊದಲಿನಿಂದ ಶುರು ಮಾಡಿದ್ದೆ. ಅರ್ಧ ಗಂಟೆಯಿಂದ ಮಸ್ಕಿಯ ಗುಡ್ಡದ ಮೇಲೆಯೇ ಇದ್ದ ಜನರನ್ನು ಕೆಳಗಿಳಿಸಿ ಮತ್ತೆ ಹತ್ತಿಸಿದ ಹಾಗೆ.

ಮಿರ್ಚಿ ಮುಗಿಯಿತು. ಸರ್ ಕೈ ಒರೆಸಿಕೊಂಡು, "ಇದು ಚೇಂಜ್ ಪಾಯಿಂಟ್ ತಪ್ಪಿದ್ದು" ಅಂದರು.

ನೆಲದ ಏರಿಳಿತ ಅಳೆಯುವವರ ಮಾತು ಅದು. ಅವರು ವಿವರಿಸಿದ್ದನ್ನು ನಾನು ಹೀಗೆ ತಿಳಿದೆ. ಲೆವೆಲ್ ಯಂತ್ರ ಒಂದೇ ಜಾಗದಲ್ಲಿ ನಿಂತು ಇಡೀ ಗುಡ್ಡ ನೋಡಲಾರದು. ಒಂದಷ್ಟು ದೂರ ಅಳೆದ ಮೇಲೆ ಯಂತ್ರ ಎತ್ತಿ ಮುಂದೆ ಒಯ್ಯಬೇಕು. ಎತ್ತುವ ಮೊದಲು ಗಟ್ಟಿಯಾದ ಒಂದು ಕಲ್ಲಿನ ಮೇಲೆ ಗುರುತುಕೋಲು ನಿಲ್ಲಿಸಿ ಅದರ ಅಳತೆ ಓದುತ್ತಾರೆ. ಯಂತ್ರ ಹೊಸ ಜಾಗಕ್ಕೆ ಹೋದಮೇಲೆ ತಿರುಗಿ ಅದೇ ಕೋಲನ್ನೇ ಮೊದಲು ಓದುತ್ತಾರೆ. ಯಂತ್ರ ಸರಿಯುವಾಗ ಕೋಲು ಹಿಡಿದ ಹುಡುಗ ಕಲ್ಲು ಬಿಟ್ಟು ಕದಲಬಾರದು. ಅವನು ಬೀಡಿ ಸೇದಲು ಅಂತ ಒಂದು ಗೇಣು ಸರಿದರೂ ಮುಂದಿನ ಎಲ್ಲ ಅಳತೆಯೂ ತಪ್ಪು, ಅದೂ ಗೊತ್ತಾಗದ ಹಾಗೆ ತಪ್ಪು.

"ನಾ ಕಡೀಗೆ ನೋಡಿದ್ದನ್ನ ನೀ ಮೊದಲು ನೋಡಬೇಕು. ನಾ ಒಂದು ನೋಡಿ ಬಿಟ್ಟೆ, ನೀ ಬ್ಯಾರೆ ಒಂದು ನೋಡಿ ಶುರು ಮಾಡಿದಿ" ಅಂದರು. ಅವರು ಕೊನೆಗೆ ತೋರಿಸಿದ್ದು ಹಳೆಯ ಗಣಿ ಕುಳಿಗಳ ಚಿತ್ರ. ನಾನು ಶುರು ಮಾಡಿದ್ದು ರಾಯಚೂರು ಜಿಲ್ಲೆಯ ನಕಾಶೆಯಿಂದ. ನಡುವೆ ಕೋಲು ಹಿಡಿದವರು ಯಾರೂ ಇರಲಿಲ್ಲ.

ಹಾಗಾಗಿ ಮೊದಲು ಮಾಡಿದ ಕೆಲಸ ಆ ಕಲ್ಲು ಯಾವುದು ಅಂತ ಗೊತ್ತು ಮಾಡಿದ್ದು. ಶಾಸನದ ಬಂಡೆಯ ಫೋಟೋನೇ ಆಗಬೇಕು ಅನ್ನುವುದರಲ್ಲಿ ಚರ್ಚೆ ಇರಲಿಲ್ಲ. ಅವರ ಕೊನೆಯ ಸ್ಲೈಡೂ ಅದೇ, ನನ್ನ ಮೊದಲ ಸ್ಲೈಡೂ ಅದೇ. ಎರಡು ಸ್ಲೈಡ್ ಅಲ್ಲ, ಒಂದೇ. ಕೈ ಬದಲಾಗುವಾಗ ಪರದೆ ಕದಲುವುದೇ ಇಲ್ಲ. ಇದರಿಂದ ರಿಮೋಟಿನ ಗಡಿಬಿಡಿ ತಾನಾಗೇ ಹೋಯಿತು. ನಾನು ಎರಡು ಮೂರು ಮಾತಾಡಿ, ನಿಂತು, ಉಸಿರು ತೆಗೆದುಕೊಂಡ ಮೇಲೆ ಗುಂಡಿ ಒತ್ತಿದರೆ ಸಾಕು.

ಮಾತು ಹೊಂದಿಸುವುದು ಅಷ್ಟು ಸುಲಭ ಆಗಲಿಲ್ಲ. ನಾನು ಮೊದಲು ಬರೆದುಕೊಟ್ಟದ್ದು ಶಾಲೆಯ ವಾರ್ಷಿಕೋತ್ಸವದ ನಿರೂಪಣೆಯ ಹಾಗಿತ್ತು: "ಭೂಗರ್ಭದ ಚಿನ್ನದಿಂದ ಇತಿಹಾಸದ ಚಿನ್ನದೆಡೆಗೆ ನಮ್ಮನ್ನು ಕರೆದೊಯ್ಯಲಿದ್ದಾರೆ..." ಸರ್ ಓದಿ, "ಇದನ್ನ ನಾ ಹೇಳಿದ್ರ ನಮ್ಮ ಮನಿಯಾಕಿ ಎದ್ದು ಹೋಗ್ತಾಳ" ಅಂದರು. ನಿಜ. ಜೊತೆಗೆ ಅದರಲ್ಲಿ ಮಾಹಿತಿ ಏನೂ ಇರಲಿಲ್ಲ. ಮುಂದೆ ಟೀಚರ್ ಬರುತ್ತಾರೆ ಅಂತ ತಿಳಿಯುತ್ತಿತ್ತು, ಯಾಕೆ ಬರಬೇಕು ಅಂತ ತಿಳಿಯುತ್ತಿರಲಿಲ್ಲ. ಕೇಳುವವನಿಗೆ ಎರಡನೇ ದನಿ ಬೇಕು ಅನ್ನಿಸುವ ಮೊದಲೇ ಬಂದರೆ ಅದು ಅಡ್ಡಿ, ಬೇಕು ಅನ್ನಿಸಿದ ಮೇಲೆ ಬಂದರೆ ಉತ್ತರ.

ದಾರಿ ಹೊಳೆದದ್ದು ಅವರಿಗೇ. "ದೊಡ್ಡಾಟದಾಗ ಸಾರಥಿ ಏನ್ ಮಾಡ್ತಾನ? ಇವರು ಬರ್ತಾರ, ಅವರು ಬರ್ತಾರ ಅಂತಾನೇನು? ಬಂದವ್ರನ್ನ ಕೇಳ್ತಾನ" ಅಂದರು. ಕೇಳುವುದು. ಅದೂ ಅವರಿಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳುವುದು. ಗೊತ್ತಿದ್ದೂ ಕೇಳುವ ಪ್ರಶ್ನೆಯ ಸುಳ್ಳು ಹತ್ತನೇ ಸಾಲಿನವರೆಗೂ ಕೇಳಿಸುತ್ತದೆ. ಅವರಿಗೆ ಶಾಸನದ ಬ್ರಾಹ್ಮಿ ಲಿಪಿಯ ಒಂದಕ್ಷರವೂ ಬರುತ್ತಿರಲಿಲ್ಲ. ಕೊನೆಗೆ ನಿಂತ ಮಾತು ಇದು:

"ಕಲ್ಲಿನ ಬಣ್ಣ ನೋಡಿ ಒಳಗ ಏನೈತಿ ಅಂತ ಮೂವತ್ತು ವರ್ಷ ಹೇಳೀನಿ. ಈ ಕಲ್ಲಿನ ಮ್ಯಾಲಿನ ಗೀರು ನನಗ ಓದಾಕ ಬರಂಗಿಲ್ಲ. ಟೀಚರ್, ಏನ್ ಬರದೈತಿ?"

ಅದಕ್ಕೆ ನನ್ನ ಮೊದಲ ಮಾತು: "ಎಲ್ಲರೂ ಲೆಕ್ಕದಾಗಿನ ಕೂಡಿಸೋ ಗುರುತು ಹುಡುಕ್ರಿ. ಅದು ಕ."

ಬ್ರಾಹ್ಮಿಯ ಕ ಅಂದರೆ ಕೂಡಿಸುವ ಗುರುತೇ, ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಎಂದೂ ಶಾಸನ ನೋಡದವರೂ ಅದನ್ನು ಹಿಡಿಯಬಲ್ಲರು. ಅದು ಸಿಕ್ಕಮೇಲೆ ಅದರ ಆಚೀಚೆ ಇರುವ ಅ, ಸೋ, ಸ ತೋರಿಸಿದರೆ "ಅಸೋಕಸ" ಅಂತ ಜನರೇ ಓದುತ್ತಾರೆ. ಧನ್ಯವಾದ ಇಲ್ಲ, "ಸರ್ ಹೇಳಿದ ಹಾಗೆ" ಇಲ್ಲ, ಜಿಲ್ಲೆಯ ಪರಿಚಯ ಇಲ್ಲ. ಧನ್ಯವಾದ ಹೇಳಲೇಬೇಕು ಅಂತ ನನಗೆ ಹಟ ಇತ್ತು, ಬಿಡುವುದು ಅಹಂಕಾರ ಅನ್ನಿಸುತ್ತಿತ್ತು. ಇಡೀ ಮಾತಿನ ಕೊನೆಗೆ ಒಂದೇ ಸಲ ಇಬ್ಬರೂ ಸೇರಿ ಹೇಳೋಣ ಅಂತ ತೀರ್ಮಾನವಾಯಿತು.

ಇಲ್ಲಿ ಒಂದು ತಪ್ಪು ಮಾಡಿದೆವು, ಹೇಳಿಬಿಡುತ್ತೇನೆ. ಕೈ ಬದಲಾಗುವ ಮಾತು ಬರೆದಿಟ್ಟದ್ದು ಚಲೋ ಆಯಿತು ಅಂತ ಇಡೀ ನಲವತ್ತು ನಿಮಿಷವನ್ನೇ ಬರೆದು ಬಾಯಿಪಾಠ ಮಾಡಹೊರಟೆವು. ಸರ್ ಮಾತಿನ ಸೊಗಸೇ ಅವರು ದಾರಿ ತಪ್ಪಿ ಗಣಿಯೊಳಗಿನ ಒಂದು ಕತೆ ಹೇಳಿ ತಿರುಗಿ ಬರುವುದರಲ್ಲಿ ಇತ್ತು. ಬಾಯಿಪಾಠ ಮಾಡಿದ ಮೇಲೆ ಅವರು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕಣ್ಣು ಮೇಲೆ ಮಾಡಿ ನಿಂತರು. ಬಿಟ್ಟೆವು. ಬಾಯಿಪಾಠ ಆಗಬೇಕಾದದ್ದು ಹೋಗುವವರ ಕೊನೆಯ ಎರಡು ಮೂರು ವಾಕ್ಯ, ಬರುವವರ ಮೊದಲ ಒಂದು ವಾಕ್ಯ. ಅಷ್ಟೇ. ಅದರಲ್ಲೂ ಅಕ್ಷರಶಃ ಬದಲಾಗಬಾರದ್ದು ಮೂರೇ ಮಾತು: "ಟೀಚರ್, ಏನ್ ಬರದೈತಿ?" ಅದು ಕೇಳಿದರೆ ನಾನು ಹೊರಡುತ್ತೇನೆ. ಒಂದು ತಾಲೀಮಿನಲ್ಲಿ ಅವರು ಹುರುಪಿನಲ್ಲಿ "ಈಗ ಇದರ ಅರ್ಥ ತಿಳಿಯೋಣ" ಅಂದುಬಿಟ್ಟರು. ಅವರೇ ತಿಳಿಸುತ್ತಾರೇನೋ ಅಂತ ನಾನು ಕೂತೇ ಇದ್ದೆ, ನಾನು ಬರುತ್ತೇನೇನೋ ಅಂತ ಅವರು ನಿಂತೇ ಇದ್ದರು.

ನಿಜವಾಗಿ ಹೊರಡುವುದು ಇನ್ನೂ ಮೊದಲು. "ಕಲ್ಲಿನ ಬಣ್ಣ ನೋಡಿ" ಅನ್ನುವಾಗಲೇ ನಾನು ಕುರ್ಚಿ ಬಿಟ್ಟು ನಡೆದಿರುತ್ತೇನೆ, "ಏನ್ ಬರದೈತಿ" ಅನ್ನುವಾಗ ಪಕ್ಕದಲ್ಲಿ ನಿಂತಿರುತ್ತೇನೆ. ಹೆಸರು ಕರೆದ ಮೇಲೆ ಎದ್ದು, ಸೆರಗು ಸರಿ ಮಾಡಿಕೊಂಡು, ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಪ್ರಶ್ನೆ ತಣ್ಣಗಾಗಿರುತ್ತದೆ. ಮೈಕು ಎರಡಿದ್ದರೆ ಒಳ್ಳೆಯದು. ಒಂದೇ ಇದ್ದರೆ ಆರಿಸದೆ, ಸ್ಪೀಕರ್ ಕಡೆ ತಿರುಗಿಸದೆ, ನಮ್ಮ ಹಿಂಬದಿಯಿಂದ ಕೊಡುವುದು. ರಿಮೋಟ್ ಕೈಯಿಂದ ಕೈಗೆ ಅಲ್ಲ, ಯಾವಾಗಲೂ ಮೇಜಿನ ಮೇಲೆ, ಒಂದೇ ಮೂಲೆಯಲ್ಲಿ. ಇಷ್ಟೇ ಇದರ ಬಗ್ಗೆ.

ತಾಲೀಮು ಮಾಡುವ ಬಗೆಯೂ ಬದಲಾಯಿತು. ಮೊದಲು ಪೂರ್ತಿ ಮಾತನ್ನೇ ಎರಡು ಸಲ ಒಪ್ಪಿಸಿ ಸಾಕಾಗಿ ಬಿಡುತ್ತಿದ್ದೆವು. ಈಗ ಪೂರ್ತಿ ಒಂದು ಸಲ, ಕೈ ಬದಲಾಗುವ ಜಾಗ ಮಾತ್ರ ಹತ್ತು ಸಲ. ಹಿಂದಿನ ಒಂದು ನಿಮಿಷ, ಮುಂದಿನ ಒಂದು ನಿಮಿಷ, ಎದ್ದು ನಡೆಯುವುದೂ ಸೇರಿ. ನಮ್ಮ ಪಡಸಾಲೆಯಲ್ಲಿ ಕುರ್ಚಿ ಇಟ್ಟು ಮಾಡಿದೆವು. ನಮ್ಮತ್ತೆ ಬಾಗಿಲಲ್ಲಿ ನಿಂತು, "ಅದೆಷ್ಟು ಸಲ ಕೇಳ್ತೀರಿ ಅಣ್ಣಾರ, ಏನ್ ಬರದೈತಿ ಅಂತ ನನಗೂ ಬಂತು" ಅಂದರು.

ಇನ್ನೊಂದು ಸಮಸ್ಯೆ, ಎಷ್ಟು ಸಲ ಕೈ ಬದಲಾಗಬೇಕು ಅನ್ನುವುದು. ಲಿಂಗಸುಗೂರಿನಲ್ಲಿ ಒಂದೇ ಸಲ, ಅದೂ ಕೆಟ್ಟಿತು. ಆ ಸಿಟ್ಟಿಗೆ ಮುಂದಿನ ಕರಡಿನಲ್ಲಿ ಒಂಬತ್ತು ಸಲ ಬದಲಾಯಿಸಿದೆ, ಒಬ್ಬರು ಒಂದು ಸ್ಲೈಡ್, ಇನ್ನೊಬ್ಬರು ಒಂದು ಸ್ಲೈಡ್. ನೋಡಲು ಬಹಳ ಸಮಾನ. ಕೇಳಿದರೆ ತಲೆನೋವು. ಹೊಸ ದನಿ, ಹೊಸ ವೇಗ, ಹೊಸ ಮುಖಕ್ಕೆ ಕಿವಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಬದಲಾದರೆ ಜನ ವಿಷಯ ಬಿಟ್ಟು ನಮ್ಮ ಓಡಾಟ ನೋಡುತ್ತಾರೆ. ಕೊನೆಗೆ ಮೂರಕ್ಕೆ ನಿಲ್ಲಿಸಿದೆವು: ಸರ್ 12 ನಿಮಿಷ ಚಿನ್ನ, ನಾನು 13 ನಿಮಿಷ ಅಕ್ಷರ, ಸರ್ ಮತ್ತೆ 6 ನಿಮಿಷ, ನಾನು ಕೊನೆಯ 5. ಅದು 36 ಆಯಿತು. ಮಿಕ್ಕ 4 ಯಾರಿಗೂ ಸೇರಿದ್ದಲ್ಲ, ಕರೆಂಟಿಗೆ, ಕೆಮ್ಮಿಗೆ, ತಡವಾಗಿ ಬರುವ ಅತಿಥಿಗೆ.

12 ಅನ್ನುವುದು 29 ಆಗದ ಹಾಗೆ ತಡೆಯುವುದು ಹೇಗೆ? ಚೀಟಿ ಕೊಡುವುದು, ಕೈಸನ್ನೆ ಮಾಡುವುದು ಎಲ್ಲ ನೋಡಿದೆವು, ಹುರುಪಿನಲ್ಲಿದ್ದವರಿಗೆ ಅದು ಕಾಣುವುದಿಲ್ಲ. ಕೆಲಸ ಮಾಡಿದ್ದು ಒಂದು ಕರಾರು. ಯಾರು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೋ ಅದು ಅವರದೇ ಮುಂದಿನ ಪಾಳಿಯಿಂದ ಹೋಗಬೇಕು, ಜೊತೆಗಾರರ ಪಾಳಿಯಿಂದ ಅಲ್ಲ. ಸರ್ ಮೊದಲ ಸಲ 15 ನಿಮಿಷ ಮಾಡಿದರೆ ಅವರ 6 ನಿಮಿಷ 3 ಆಗುತ್ತದೆ, ನನ್ನ 13 ಹಾಗೇ ಇರುತ್ತದೆ. ಏನು ಬಿಡಬೇಕು ಅಂತಲೂ ಅವರೇ ಮೊದಲೇ ಗುರುತು ಹಾಕಿಟ್ಟುಕೊಂಡಿರಬೇಕು. ಆ ಎರಡನೇ ಪಾಳಿಯಲ್ಲಿ ಅವರಿಗೆ ಬಹಳ ಇಷ್ಟವಾದ ಒಂದು ಕತೆ ಇತ್ತು, ಬೇಕೆಂದೇ ಅಲ್ಲಿಟ್ಟದ್ದು. ಅವರು ಅಂದಿನಿಂದ ಹನ್ನೆರಡನ್ನು ದಾಟಿಲ್ಲ.

ಬಳ್ಳಾರಿಯಲ್ಲಿ ಎರಡನೇ ಸಲ ಮಾತಾಡಿದೆವು. ಚೇಂಜ್ ಪಾಯಿಂಟ್ ನೀರು ಕುಡಿದ ಹಾಗಾಯಿತು. ಸಭೆಯಲ್ಲಿ ಒಂದು ಸಣ್ಣ ನಗೆ, ಆಮೇಲೆ ಎಲ್ಲರ ಕಣ್ಣು ಪರದೆಯ ಮೇಲೆ ಕೂಡಿಸುವ ಗುರುತು ಹುಡುಕುವುದರಲ್ಲಿ. ನಾನು ಒಳಗೊಳಗೇ ಉಬ್ಬಿದೆ. ಎಂಟು ನಿಮಿಷದ ನಂತರ ಬೇರೆ ಕಡೆಯಿಂದ ಪೆಟ್ಟು ಬಿತ್ತು.

ಸರ್ ತಮ್ಮ ಪಾಳಿಯಲ್ಲಿ "ಅಶೋಕನ ಹೆಸರಿರೋ ಒಂದೇ ಒಂದು ಶಾಸನ ನಮ್ಮ ಮಸ್ಕೀದು" ಅಂದಿದ್ದರು. ನಾನು ನನ್ನ ಪಾಳಿಯಲ್ಲಿ ಹಾಕಿದ ನಕಾಶೆಯಲ್ಲಿ ನಿಟ್ಟೂರು, ಉಡೇಗೋಳ ಎರಡಕ್ಕೂ ಕೆಂಪು ಚುಕ್ಕೆ ಇತ್ತು, ಕೆಂಪು ಅಂದರೆ ಅಶೋಕನ ಹೆಸರಿರುವ ಶಾಸನ. ಎರಡೂ ಸಿರುಗುಪ್ಪ ತಾಲೂಕಿನವು, ಬಳ್ಳಾರಿ ಜಿಲ್ಲೆಯವೇ. ಮಧ್ಯಪ್ರದೇಶದ ಗುಜರ್ರಾದಲ್ಲೂ ಇದೆ. ನಡುಸಾಲಿನಿಂದ ಒಬ್ಬರು ಎದ್ದು, "ಮೇಡಂ, ನಾವು ಸಿರುಗುಪ್ಪದವ್ರು. ಒಂದೇ ಅಂತ ಅವರು ಅಂದ್ರು, ಈಗ ನೀವು ನಮ್ಮೂರ ಕಡೀದೂ ತೋರಸ್ತೀರಿ. ಯಾರದು ಖರೆ?" ಅಂತ ಕೇಳಿದರು.

ನಾನು ಮಾಡಬಾರದ್ದು ಮಾಡಿದೆ. "ಸರ್ ತಪ್ಪು ಹೇಳಿದ್ರು, ನನ್ನದು ಸರಿ" ಅಂದುಬಿಟ್ಟೆ. ಸಭೆ ನಕ್ಕಿತು. ಸರ್ ಕೂಡ ನಕ್ಕರು, ಆದರೆ ಅವರ ಮುಂದಿನ 6 ನಿಮಿಷದಲ್ಲಿ ಜೀವ ಇರಲಿಲ್ಲ. ಪ್ರತಿ ವಾಕ್ಯ ಹೇಳಿ ನನ್ನ ಕಡೆ ನೋಡುತ್ತಿದ್ದರು. ಜನರಿಗೂ ಅವರ ಮೊದಲಿನ ಹನ್ನೆರಡು ನಿಮಿಷದಲ್ಲಿ ಇನ್ನೇನೇನು ತಪ್ಪಿತ್ತೋ ಅನ್ನುವ ಅನುಮಾನ ಬಂದಿರಬೇಕು. ಅವರ ತಪ್ಪು ಅಂತ ನಾನು ಅಂದದ್ದು ಇಬ್ಬರ ಮಾತನ್ನೂ ಕೆಡಿಸಿತು. ಅಷ್ಟಕ್ಕೂ ಆ ವಾಕ್ಯ ಅವರಿಗೆ ಬಂದದ್ದು ಎಲ್ಲಿಂದ? ಮೊದಲ ಕರಡಿನಲ್ಲಿ ನಾನೇ ಹಾಗೆ ಬರೆದಿದ್ದೆ. ಆಮೇಲೆ ನಿಟ್ಟೂರು, ಉಡೇಗೋಳದ ಬಗ್ಗೆ ಓದಿ ನನ್ನ ಭಾಗ ತಿದ್ದಿಕೊಂಡೆ, ಅವರ ಭಾಗ ತಿದ್ದಲಿಲ್ಲ. ಅದು "ಅವರದು" ಅಂತ ಬಿಟ್ಟಿದ್ದೆ.

ಕೈ ಬದಲಾಗುವ ಮಾತನ್ನು ಎಷ್ಟು ನಯ ಮಾಡಿದರೂ ಆಚೆ ಈಚೆ ಇಬ್ಬರು ಬೇರೆ ಬೇರೆ ಹೇಳುತ್ತಿದ್ದರೆ ಅದು ಬರೀ ಮೇಲಿನ ಸುಣ್ಣ. ಮನೆಗೆ ಬಂದು ಒಂದೇ ಒಂದು ಹಾಳೆಯ ಮೇಲೆ ನಮ್ಮಿಬ್ಬರ ಮಾತಿನಲ್ಲಿ ಬರುವ ಮೊದಲ, ಒಂದೇ, ಎಲ್ಲಕ್ಕಿಂತ ಅನ್ನುವ ಶಬ್ದಗಳಿದ್ದ ವಾಕ್ಯಗಳನ್ನು ಬರೆದೆವು, ಜೊತೆಗೆ ಎಲ್ಲ ಇಸವಿ, ಎಲ್ಲ ಹೆಸರು. ಒಂಬತ್ತು ವಾಕ್ಯ ಬಂದವು, ಅದರಲ್ಲಿ ಎರಡು ಒಂದಕ್ಕೊಂದು ಹೊಂದುತ್ತಿರಲಿಲ್ಲ. "ಒಂದೇ ಶಾಸನ" ಹೋಗಿ "ಅಶೋಕನ ಶಾಸನಗಳಲ್ಲಿ ಅವನ ಹೆಸರು ಮೊದಲು ಸಿಕ್ಕದ್ದು ಇಲ್ಲಿ" ಆಯಿತು. ಸತ್ಯವೂ ಹೌದು, ಮಸ್ಕಿಯ ತೂಕವೂ ಕಡಿಮೆ ಆಗಲಿಲ್ಲ. ಆಮೇಲೆ ಒಂದು ತಾಲೀಮಿನಲ್ಲಿ ಪಾಳಿ ಅದಲು ಬದಲು ಮಾಡಿದೆವು. ಅವರ ಚಿನ್ನ ನಾನು ಹೇಳಿದೆ, ನನ್ನ ಅಕ್ಷರ ಅವರು ಹೇಳಿದರು. ಎಲ್ಲಿ ನಾನು ತೊದಲಿದೆನೋ ಅಲ್ಲಿ ಅವರ ಭಾಗ ನನಗೆ ಅರ್ಥವೇ ಆಗಿರಲಿಲ್ಲ ಅಂತ ಗೊತ್ತಾಯಿತು.

ವೇದಿಕೆಯ ಮೇಲೆ ಜೊತೆಗಾರರು ತಪ್ಪಿದರೆ ಏನು ಮಾಡಬೇಕು ಅಂತಲೂ ಮಾತಾಡಿಕೊಂಡೆವು. ಅಭಿಪ್ರಾಯ, ಒತ್ತು, ಬಿಟ್ಟುಹೋದ ವಿವರ ಇವಕ್ಕೆ ಬಾಯಿ ಹಾಕಬಾರದು. ಇಸವಿ, ಅಂಕಿ, ಹೆಸರು ತಪ್ಪಿದರೆ ನಡುವೆ ತಡೆಯಬಾರದು. ನಮ್ಮ ಪಾಳಿ ಬಂದಾಗ ಗೊತ್ತುಮಾಡಿಟ್ಟ ಮೊದಲ ವಾಕ್ಯ ಹೇಳಿ, "ಒಂದು ಅಂಕಿ ತಿದ್ದಿ ಮುಂದೆ ಹೋಗೋಣ" ಅಂತ ಸರಿಯಾದದ್ದನ್ನಷ್ಟೇ ಹೇಳುವುದು. ಯಾರು ತಪ್ಪಿದರು ಅನ್ನುವುದು ಜನರಿಗೆ ಬೇಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಆ ನಕಾಶೆ. ಅಶೋಕನ ಶಾಸನ ಸಿಕ್ಕ ನಮ್ಮ ಸುತ್ತಿನ ಊರುಗಳನ್ನು ನಾನು ಚುಕ್ಕೆ ಇಟ್ಟು ಗುರುತು ಮಾಡಿದ್ದೆ: ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉಡೇಗೋಳ, ಕೆಳಗೆ ಬ್ರಹ್ಮಗಿರಿ. ಅದರ ಮೇಲೆ ಸರ್ ಹಳೆಯ ಚಿನ್ನದ ಕುಳಿಗಳಿರುವ ಹಟ್ಟಿ-ಮಸ್ಕಿ ಪಟ್ಟಿಯನ್ನು ಹಳದಿ ಪೆನ್ಸಿಲಿನಿಂದ ಎಳೆದರು. ಮೌರ್ಯರು ಇಷ್ಟು ದೂರ ದಕ್ಷಿಣಕ್ಕೆ ಬಂದದ್ದು ಚಿನ್ನಕ್ಕಾಗಿಯೇ ಅನ್ನುವುದು ಆ ನಕಾಶೆ ಹೇಳುವ ಮಾತು. ಲಿಂಗಸುಗೂರಿನಲ್ಲಿ ಸರ್ ಇದನ್ನು "ನನಗ ಅನಿಸಿದ್ದು" ಅಂತ ಹೇಳಿದ್ದರು. ಚುಕ್ಕೆ ಇಡಲು ನಾನು ಎಷ್ಟು ರಾತ್ರಿ ಕೂತಿದ್ದೆ ಅಂತ ನನಗೆ ಗೊತ್ತು. ಅದನ್ನು ಹೇಗೋ ಬಾಯಿಬಿಟ್ಟು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಶಾಲ್ಯಾಗ 'ನನ್ನ ಭಾಷಣ ಐತಿ' ಅಂತ ರಜಾ ಕೇಳಿದ್ದಿ ಅಂತ ನಿಮ್ಮ ಹೆಡ್ ಮಾಸ್ತರು ಹೇಳಿದ್ರು" ಅಂದರು. ಇಬ್ಬರಿಗೂ ನಗು ಬಂತು, ಆದರೆ ಪೂರ್ತಿ ಅಲ್ಲ. ಆ ವಿಚಾರ ನಮ್ಮಿಬ್ಬರದೂ ಅಲ್ಲ ಅನ್ನುವುದು ಇನ್ನೊಂದು ಮಾತು, ವಿದ್ವಾಂಸರು ಎಷ್ಟೋ ವರ್ಷದ ಹಿಂದೆಯೇ ಹೇಳಿದ್ದು. ನಮ್ಮದು ಅಂತ ಇದ್ದದ್ದು ಆ ಚುಕ್ಕೆ ಮತ್ತು ಆ ಹಳದಿ ಗೆರೆ ಒಂದೇ ಹಾಳೆಗೆ ಬಂದದ್ದು ಮಾತ್ರ. ಅದನ್ನು ಹಾಗೇ ಹೇಳಬಹುದಲ್ಲ? ಈಗ ಎರಡನೇ ಕೈ ಬದಲಿನಲ್ಲಿ ನಾನು ಬರೀ ಚುಕ್ಕೆಗಳ ನಕಾಶೆ ಇಟ್ಟು, "ಈ ಊರುಗಳನ್ನ ನಾ ಗುರುತು ಮಾಡಿ ಸರ್‌ಗೆ ಕೊಟ್ಟೆ. ಅವರು ಇದರ ಮ್ಯಾಲೆ ಒಂದು ಗೆರೆ ಎಳದ್ರು. ಸರ್, ಅದೇನು ಗೆರೆ?" ಅಂತ ಕೇಳುತ್ತೇನೆ. ಅವರು ಗುಂಡಿ ಒತ್ತಿದಾಗ ಹಳದಿ ಪಟ್ಟಿ ಮೂಡುತ್ತದೆ. ಯಾವುದು ಯಾರದು ಅಂತ ಬೇರೆ ಹೇಳಬೇಕಿಲ್ಲ. "ನಾವು" ಅನ್ನುವ ಶಬ್ದವನ್ನು ಎಲ್ಲ ಕಡೆ ತುಂಬಿದರೆ ಕೃತಕವಾಗುತ್ತದೆ, ಒಬ್ಬರ ಕೆಲಸವನ್ನು ಇನ್ನೊಬ್ಬರು ಹೆಸರಿಟ್ಟು ಹೇಳಿದರೆ ಹಾಗಾಗುವುದಿಲ್ಲ.

ಆದರೆ ಚಿನ್ನವೇ ಕಾರಣ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆ ನಕಾಶೆಯಲ್ಲೇ ನಿಟ್ಟೂರು, ಉಡೇಗೋಳ ಹಳದಿ ಪಟ್ಟಿಯ ಹೊರಗೆ, ತುಂಗಭದ್ರೆಯ ಕಡೆ ಇವೆ. ನದಿ, ದಾರಿ, ಜನ ಇರುವ ಊರು ಇವೂ ಕಾರಣ ಇರಬೇಕು ಅನ್ನುವುದು ನನ್ನ ವಾದ. ಬ್ರಹ್ಮಗಿರಿಯ ಶಾಸನದಲ್ಲಿ ಸುವರ್ಣಗಿರಿ ಅನ್ನುವ ಊರಿನ ಹೆಸರು ಬರುತ್ತದೆ, ಅಶೋಕನ ಪರವಾಗಿ ಆಳುತ್ತಿದ್ದ ರಾಜಕುಮಾರನಿದ್ದ ಜಾಗ. ಅದು ಮಸ್ಕಿಯ ಹತ್ತಿರ ಅನ್ನುವವರಿದ್ದಾರೆ, ಕೊಪ್ಪಳ ಜಿಲ್ಲೆಯ ಕನಕಗಿರಿ ಅನ್ನುವವರಿದ್ದಾರೆ. ಸರ್ ಮಸ್ಕಿ ಪಕ್ಷ, ನಾನು ಯಾವ ಪಕ್ಷವೂ ಅಲ್ಲ. ಮೊದಲು ಇದನ್ನು ಮುಚ್ಚಿಡುತ್ತಿದ್ದೆವು, ವೇದಿಕೆಯ ಮೇಲೆ ಜಗಳ ಬೇಡ ಅಂತ. ಈಗ ಅದೇ ಮೂರನೇ ಕೈ ಬದಲು: "ಇಷ್ಟು ಹೇಳಿದ್ರೂ ಟೀಚರ್ ಒಪ್ಪಲ್ಲ. ಯಾಕ ಒಪ್ಪಲ್ಲ ಅಂತ ಅವರನ್ನೇ ಕೇಳ್ರಿ." ನಾನು ನನ್ನ 5 ನಿಮಿಷದಲ್ಲಿ ಒಪ್ಪದಿರುವ ಕಾರಣ ಹೇಳುತ್ತೇನೆ. ಆದರೆ ಶುರು ಮಾಡುವುದು ಅವರ ವಾದದಲ್ಲಿ ಗಟ್ಟಿ ಇರುವುದನ್ನು ಹೇಳಿ. ಅದೂ ಬರೆದಿಟ್ಟ ವಾಕ್ಯ, ಬರೆದವರು ಸರ್. ನನ್ನ ಆಕ್ಷೇಪದ ಮೊದಲ ವಾಕ್ಯವನ್ನು ಅವರು ಬರೆದರೆ ಅದು ಅವರ ವಾದಕ್ಕೆ ಅನ್ಯಾಯ ಮಾಡುವುದಿಲ್ಲ.

ಕೊಪ್ಪಳದಲ್ಲಿ ಮೂರನೇ ಸಲ. ಸರ್ ಹನ್ನೊಂದನೇ ನಿಮಿಷದಲ್ಲಿದ್ದರು, ನಾನು ಎದ್ದು ನಡೆಯಲು ಕಾಲು ಸರಿ ಮಾಡಿಕೊಳ್ಳುತ್ತಿದ್ದೆ, ಕರೆಂಟು ಹೋಯಿತು. ಪರದೆ ಕಪ್ಪು, ಮೈಕು ಸತ್ತಿತು. ಅಂದರೆ ನಮ್ಮ ಕೋಲು ನಿಂತ ಕಲ್ಲೇ ಮಾಯ. ಸರ್ ಅರೆಗಳಿಗೆ ತಡೆದು, ಗಣಿಯಲ್ಲಿ ಕೂಗುವ ದನಿಯಲ್ಲಿ, "ಕಲ್ಲಿನ ಬಣ್ಣ ನೋಡಿ ಒಳಗ ಏನೈತಿ ಅಂತ ಮೂವತ್ತು ವರ್ಷ ಹೇಳೀನಿ..." ಅಂತ ಶುರು ಮಾಡಿ "ಟೀಚರ್, ಏನ್ ಬರದೈತಿ?" ಅಂದರು. ಅದು ತರಗತಿಯ ಕೋಣೆ, ಹಿಂದೆ ಕಪ್ಪು ಹಲಗೆ ಇತ್ತು. ಸುಣ್ಣದ ಕಡ್ಡಿ ತೆಗೆದುಕೊಂಡು ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದೆ. "ಇದು ಕ." ಕಿಟಕಿಯ ಬೆಳಕಿನಲ್ಲಿ ನಾಲ್ಕಕ್ಷರ ಬರೆದು ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು "ಅಸೋಕಸ" ಅಂತ ಕೂಗಿದರು.

ಪ್ರಶ್ನೆಗಳ ಹೊತ್ತಿಗೆ ಕರೆಂಟು ಬಂತು. ಬಿಳಿ ಪಟಗ ಸುತ್ತಿದ ಹಿರಿಯರೊಬ್ಬರು ಎದ್ದು, ನಮ್ಮ ಕಡೆ ರೂಢಿ ಇರುವ ಹಾಗೆ ಗಂಡಸರ ಕಡೆಗೇ ತಿರುಗಿ, "ಸರ್, ನಮ್ಮ ಗವಿಮಠದ ಶಾಸನದಾಗ ಅಶೋಕನ ಹೆಸರು ಐತೇನ್ರಿ?" ಅಂತ ಕೇಳಿದರು. ಅಕ್ಷರದ ಪ್ರಶ್ನೆ ನನ್ನದು, ಚಿನ್ನದ್ದು ಅವರದು, ಇನ್ನೊಬ್ಬರು ಸೇರಿಸುವುದಿದ್ದರೆ ಒಂದೇ ವಾಕ್ಯ ಅಂತ ಮಾತಾಗಿತ್ತು. ಉತ್ತರ ಸರ್‌ಗೆ ಗೊತ್ತಿತ್ತು, ಪಾಳಿ ಬದಲಿನ ತಾಲೀಮಿನಲ್ಲಿ ಅವರೇ ಅದನ್ನು ಹೇಳಿದ್ದರು. ಅವರು ಮೈಕು ಎತ್ತಿದರು, ನನ್ನ ಕಡೆ ನೋಡಿದರು, ಮತ್ತೆ ಹಿರಿಯರ ಕಡೆ ತಿರುಗಿ, "ಓದಿದವ್ರು ಅವರು" ಅಂತ ಮೈಕನ್ನು ಬೆನ್ನ ಹಿಂದಿನಿಂದ ನನಗೆ ಕೊಟ್ಟರು. ಇಲ್ಲ, ಹೆಸರಿಲ್ಲ, ದೇವಾನಾಂಪ್ರಿಯ ಅಂತಷ್ಟೇ ಇದೆ ಅಂತ ಹೇಳಿದೆ. ಹಿರಿಯರಿಗೆ ಬೇಸರವಾಯಿತು.

ವಾಪಸ್ ಬರುವಾಗ ಗಂಗಾವತಿ ದಾಟಿದ ಮೇಲೆ ಬಸ್ಸು ಖಾಲಿಯಾಯಿತು. ಸರ್ ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದರು. ನೋಡಿದರೆ ಕ ಸರಿಯಾಗಿತ್ತು, ಅ ಎಡಬಲ ತಿರುಗಿತ್ತು.